ಡಿಗಾಕ್ಸಿನ್ ಮಾತ್ರೆಗೂ ಮೊದಲು ಒಂದು ನಿಮಿಷದ ನಾಡಿ

ಹೃದಯದ ವಾರ್ಡಿನಲ್ಲಿ ಬೆಳಗಿನ ಮಾತ್ರೆ ಹಂಚುವ ಹೊತ್ತು. ಸಿಸ್ಟರ್ ಉಳಿದ ಮಾತ್ರೆಗಳನ್ನು ರೋಗಿಯ ಅಂಗೈಗೆ ಹಾಕಿ ಮುಂದೆ ಹೋಗುತ್ತಾರೆ. ಡಿಗಾಕ್ಸಿನ್ ಬಂದಾಗ ಮಾತ್ರ ನಿಲ್ಲುತ್ತಾರೆ. ಸ್ಟೆತಸ್ಕೋಪನ್ನು ಎಡ ಎದೆಯ ಕೆಳಭಾಗಕ್ಕೆ ಇಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಬಡಿತ ಎಣಿಸುತ್ತಾರೆ. ಎಣಿಕೆಯನ್ನು ಚಾರ್ಟಿನಲ್ಲಿ ಬರೆದು, ಆಮೇಲೆ ಮಾತ್ರೆ ಕೊಡುತ್ತಾರೆ. ಕೆಲವು ದಿನ ಕೊಡದೆ ವಾಪಸ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅದೇ ಮಾತ್ರೆ ಮುಂದುವರಿಯುತ್ತದೆ, ಎಣಿಕೆ ಮಾತ್ರ ಆಸ್ಪತ್ರೆಯಲ್ಲೇ ಉಳಿದುಬಿಡುತ್ತದೆ. ಮಗನೋ ಸೊಸೆಯೋ ಕೊಡುವ ಮಾತ್ರೆಗೆ ಆ ಒಂದು ನಿಮಿಷವನ್ನು ಯಾರೂ ಕಲಿಸಿರುವುದಿಲ್ಲ. ಹೃದಯದ ಮೇಲೆ ಇಷ್ಟು ನೇರವಾಗಿ ಕೆಲಸ ಮಾಡುವ ಮಾತ್ರೆಯನ್ನು ಹಾಗೆ ಕಳಿಸಿಕೊಡುವುದು ಸರಿಯಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಡಿಗಾಕ್ಸಿನ್ ಹೊಸ ಔಷಧವಲ್ಲ. ಇದರ ಮೂಲ ಯುರೋಪಿನ ಫಾಕ್ಸ್‌ಗ್ಲೋವ್ ಎಂಬ ಹೂಗಿಡ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ವೈದ್ಯರಾಗಿದ್ದ ವಿಲಿಯಂ ವಿದರಿಂಗ್, ಮೈ ಊದಿಕೊಂಡ ರೋಗಿಗಳಿಗೆ ಈ ಗಿಡದ ಎಲೆಯನ್ನು ಕೊಟ್ಟು ನೋಡಿದ ಅನುಭವವನ್ನೆಲ್ಲ 1785ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು. ಇದು ಅತಿಯಾದರೆ ವಾಂತಿಯಾಗುತ್ತದೆ, ಕಣ್ಣಿಗೆ ವಸ್ತುಗಳು ಹಸಿರು ಹಳದಿಯಾಗಿ ಕಾಣುತ್ತವೆ, ನಾಡಿ ನಿಮಿಷಕ್ಕೆ 35ರವರೆಗೂ ಇಳಿಯಬಹುದು ಎಂದು ಅವರು ಆಗಲೇ ದಾಖಲಿಸಿದ್ದರು. ಮೂತ್ರ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದೊಂದರಲ್ಲಿ ಔಷಧದ ಪರಿಣಾಮ ಕಂಡರೂ ಅಲ್ಲಿಗೆ ನಿಲ್ಲಿಸಬೇಕು ಎನ್ನುವುದು ಅವರ ಸೂಚನೆಯಾಗಿತ್ತು. ಇಂದು ಸಿಸ್ಟರ್ ಮಾತ್ರೆ ತಡೆಹಿಡಿಯುವಾಗ ಪಾಲಿಸುವ ನಿಯಮದ ಬೇರು ಅಲ್ಲಿದೆ.

ಈ ಮಾತ್ರೆ ಒಳಗೆ ಮಾಡುವುದೇನು? ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿಳಿಯಲು ನಡುವೆ ಒಂದೇ ದಾರಿ. ಅದಕ್ಕೆ ಎವಿ ನೋಡ್ ಎನ್ನುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಮೇಲಿನ ಕೋಣೆಗಳು ಸರಿಯಾಗಿ ಬಡಿಯುವುದನ್ನು ಬಿಟ್ಟು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅದುರುತ್ತಿರುತ್ತವೆ. ಅಷ್ಟೂ ಸಂಕೇತಗಳು ಕೆಳಗಿಳಿದರೆ ಹೃದಯ ಓಡಿ ಓಡಿ ಸೋಲುತ್ತದೆ. ಡಿಗಾಕ್ಸಿನ್ ಆ ದಾರಿಯನ್ನು ಬಿಗಿ ಮಾಡಿ ಕೆಲವನ್ನಷ್ಟೇ ಬಿಡುತ್ತದೆ. ಜೊತೆಗೆ ಸ್ನಾಯುವಿನ ಹಿಂಡುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿ, ನಡುವಯಸ್ಸಿನ ಹೊತ್ತಿಗೆ ನಾಡಿ ಏರುಪೇರಾಗುವವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇರುವುದರಿಂದ ಈ ಮಾತ್ರೆ ಇಲ್ಲಿನ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ಮಾತ್ರೆಯ ಅಂಶ ಮೈಯಲ್ಲಿ ಹೆಚ್ಚಾದರೆ ಎರಡು ಬಗೆಯ ಕೆಡುಕು ಆಗುತ್ತದೆ. ಒಂದು, ಎವಿ ನೋಡ್ ಅತಿಯಾಗಿ ಬಿಗಿಯಾಗಿ ನಾಡಿ ನಿಧಾನವಾಗುತ್ತದೆ, ಕೆಲವೊಮ್ಮೆ ದಾರಿಯೇ ಮುಚ್ಚಿಹೋಗುತ್ತದೆ. ಇನ್ನೊಂದು, ಹೃದಯದ ಸ್ನಾಯು ಕೆರಳಿ ನಡುನಡುವೆ ತನ್ನಷ್ಟಕ್ಕೆ ಹೆಚ್ಚುವರಿ ಬಡಿತ ಹಾಕತೊಡಗುತ್ತದೆ. ಮೊದಲನೆಯದು ನಾಡಿಯ ಸಂಖ್ಯೆಯಲ್ಲಿ ಗೊತ್ತಾಗುತ್ತದೆ, ಎರಡನೆಯದು ನಾಡಿಯ ನಡೆಯಲ್ಲಿ. ಹಾಗಾಗಿ ಎಷ್ಟು ಬಡಿಯಿತು ಎಂಬುದರಷ್ಟೇ ಹೇಗೆ ಬಡಿಯಿತು ಎಂಬುದನ್ನೂ ಗಮನಿಸಬೇಕು.

ಎಣಿಸುವ ಕ್ರಮ ಕಷ್ಟದ್ದಲ್ಲ. ರೋಗಿಯನ್ನು ಐದು ಹತ್ತು ನಿಮಿಷ ಸುಮ್ಮನೆ ಕೂರಿಸಬೇಕು. ಸ್ನಾನ ಮಾಡಿ ಬಂದ ತಕ್ಷಣ, ಮೆಟ್ಟಿಲು ಹತ್ತಿದ ತಕ್ಷಣ, ಕಾಫಿ ಕುಡಿದ ತಕ್ಷಣ ಬೇಡ. ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ನಿಮ್ಮ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನೋಡಬಾರದು, ಅದರಲ್ಲಿ ನಿಮ್ಮದೇ ನಾಡಿ ಮಿಡಿಯುತ್ತಿರುತ್ತದೆ. ಒತ್ತಿ ಹಿಡಿದರೆ ನಾಡಿ ಅಡಗಿಹೋಗುತ್ತದೆ. ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನು ಎದುರಿಗಿಟ್ಟುಕೊಂಡು ಪೂರ್ತಿ 60 ಸೆಕೆಂಡು ಎಣಿಸಿ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಎಲ್ಲ ಕಡೆ ಇದೆ. ಡಿಗಾಕ್ಸಿನ್ ವಿಷಯದಲ್ಲಿ ಅದನ್ನು ಬಿಡಬೇಕು. ನಾಡಿ ಏರುಪೇರಾಗಿರುವವರಲ್ಲಿ ಒಂದು ಹದಿನೈದು ಸೆಕೆಂಡಿನಲ್ಲಿ 13 ಬಡಿತ ಬರಬಹುದು, ಮುಂದಿನ ಹದಿನೈದರಲ್ಲಿ 20. ಮೊದಲನೆಯದನ್ನು ಗುಣಿಸಿದರೆ 52, ಎರಡನೆಯದನ್ನು ಗುಣಿಸಿದರೆ 80. ಒಂದು ಲೆಕ್ಕದಲ್ಲಿ ಮಾತ್ರೆ ತಡೆಯಬೇಕು, ಇನ್ನೊಂದರಲ್ಲಿ ಕೊಡಬೇಕು. ರೋಗಿ ಮಾತ್ರ ಒಬ್ಬರೇ. ಇದೇ ಕಾರಣಕ್ಕೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಾಗಲಿ ಮನೆಯ ಬಿಪಿ ಯಂತ್ರದಲ್ಲಾಗಲಿ ಬರುವ ನಾಡಿಯ ಸಂಖ್ಯೆಯನ್ನು ಈ ಮಾತ್ರೆಗೆ ನೆಚ್ಚಿಕೊಳ್ಳಬಾರದು. ನಡೆ ಹೇಗಿದೆ ಎಂಬುದನ್ನು ಆ ಸಂಖ್ಯೆ ಹೇಳುವುದೂ ಇಲ್ಲ.

ಆಸ್ಪತ್ರೆಯಲ್ಲಿ ಎದೆಗೇ ಸ್ಟೆತಸ್ಕೋಪ್ ಇಡುವುದಕ್ಕೆ ಬೇರೆ ಕಾರಣವಿದೆ. ಹೃದಯ ಹಾಕುವ ಪ್ರತಿ ಬಡಿತವೂ ಮಣಿಕಟ್ಟಿಗೆ ತಲುಪುವುದಿಲ್ಲ. ತೀರ ಬೇಗ ಬಂದ ಬಡಿತದಲ್ಲಿ ಕೋಣೆ ತುಂಬಿರುವುದೇ ಇಲ್ಲ, ರಕ್ತ ಮುಂದೆ ಹೋಗುವುದಿಲ್ಲ. ಎದೆಯಲ್ಲಿ 88 ಕೇಳಿಸಿ ಮಣಿಕಟ್ಟಿನಲ್ಲಿ 70 ಸಿಗಬಹುದು. ಮನೆಯಲ್ಲಿ ಸ್ಟೆತಸ್ಕೋಪ್ ಇದ್ದು, ಡಿಸ್ಚಾರ್ಜ್ ದಿನ ಸಿಸ್ಟರ್ ಹತ್ತಿರ ಜಾಗ ತೋರಿಸಿಕೊಂಡು ಬಂದಿದ್ದರೆ ಎದೆಯಲ್ಲೇ ಎಣಿಸುವುದು ಉತ್ತಮ. ಲಬ್ ಡಬ್ ಎಂಬ ಎರಡು ಸದ್ದು ಸೇರಿ ಒಂದು ಬಡಿತ. ಎರಡನ್ನೂ ಬೇರೆ ಬೇರೆ ಎಣಿಸಿ 110 ಎಂದು ಹೆದರುವವರುಂಟು. ಸ್ಟೆತಸ್ಕೋಪ್ ಇಲ್ಲದಿದ್ದರೆ ಮಣಿಕಟ್ಟೇ ಸಾಕು, ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಎಣಿಸಿ ಬರೆದಿಟ್ಟರಾಯಿತು.

ಈಗ ಸಂಖ್ಯೆಯ ಮಾತು. ದೊಡ್ಡವರಲ್ಲಿ ನಾಡಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇದ್ದರೆ ಆ ಹೊತ್ತಿನ ಡಿಗಾಕ್ಸಿನ್ ಕೊಡದೆ ಡಾಕ್ಟರನ್ನು ಕೇಳಬೇಕು ಎಂಬುದು ವಾರ್ಡುಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಗೆರೆ. ಕೆಲವು ರೋಗಿಗಳಿಗೆ ಡಾಕ್ಟರು ಬೇರೆ ಗೆರೆ ಹಾಕಿರುತ್ತಾರೆ. ಮೊದಲಿನಿಂದಲೂ ನಿಧಾನ ನಾಡಿ ಇರುವವರಿಗೆ 50 ಎಂದು ಹೇಳಿರಬಹುದು. ನಿಮ್ಮ ಮನೆಯವರ ಗೆರೆ ಯಾವುದು ಎಂದು ಕೇಳಿ, ಚೀಟಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಮಕ್ಕಳ ನಾಡಿ ಸಹಜವಾಗಿಯೇ ವೇಗವಾಗಿರುವುದರಿಂದ ಅವರ ಗೆರೆ ಬಹಳ ಮೇಲಿರುತ್ತದೆ, ಕೂಸುಗಳದ್ದು ಇನ್ನೂ ಮೇಲೆ. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಕಲೇಬಾರದು, ಮಗುವಿನ ಡಾಕ್ಟರು ಹೇಳಿದ ಸಂಖ್ಯೆಯೇ ಕೊನೆ.

ನಾಡಿ 60ರ ಮೇಲಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಅದಕ್ಕೇ ನಡೆಯನ್ನು ಗಮನಿಸಬೇಕೆಂದದ್ದು. ಯಾವಾಗಲೂ ಸಮವಾಗಿ ಬಡಿಯುತ್ತಿದ್ದ ನಾಡಿ ಇದ್ದಕ್ಕಿದ್ದಂತೆ ತಪ್ಪಿ ತಪ್ಪಿ ಬಡಿಯತೊಡಗಿದರೆ ಮಾತ್ರೆ ತಡೆದು ಕೇಳಬೇಕು. ಒಂದು ಜೋರು, ಒಂದು ಸಣ್ಣದು, ಆಮೇಲೆ ಒಂದು ವಿರಾಮ, ಹೀಗೆ ಜೋಡಿ ಜೋಡಿಯಾಗಿ ಬರುವ ನಾಡಿ ಡಿಗಾಕ್ಸಿನ್ ಅತಿಯಾದಾಗ ಕಾಣುವ ಒಂದು ಹಳೆಯ ಗುರುತು. ಸಣ್ಣ ಬಡಿತ ಮಣಿಕಟ್ಟಿಗೆ ಬಾರದೇ ಹೋದರೆ ಎದೆಯಲ್ಲಿ 76 ಇದ್ದರೂ ಕೈಯಲ್ಲಿ 38 ಮಾತ್ರ ಸಿಗುತ್ತದೆ. ನಾಡಿ ಏಕಾಏಕಿ ವೇಗವಾದರೂ, ಸುಮ್ಮನೆ ಕೂತಾಗಲೇ 100 ದಾಟಿ 120ರ ಕಡೆ ಹೋದರೂ ಕೇಳದೆ ಕೊಡಬಾರದು. ವೇಗ ಹೆಚ್ಚಿದೆಯಲ್ಲ, ಇಳಿಸುವ ಮಾತ್ರೆ ಇನ್ನೊಂದು ಕೊಡೋಣ ಎಂಬ ಯೋಚನೆ ಅಪಾಯಕಾರಿ, ಏಕೆಂದರೆ ವೇಗದ ಬಡಿತವನ್ನೂ ಈ ಔಷಧವೇ ಹುಟ್ಟಿಸಿರಬಹುದು.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಇದರ ವಿರುದ್ಧದ ಸಂಗತಿ. ವರ್ಷಗಟ್ಟಲೆ ಏರುಪೇರಾಗಿಯೇ ಬಡಿಯುತ್ತಿದ್ದ ನಾಡಿ ಒಂದು ದಿನ ನಿಧಾನವಾಗಿ, ಅಚ್ಚುಕಟ್ಟಾಗಿ ಬಡಿಯತೊಡಗುತ್ತದೆ. ಮನೆಯವರಿಗೆ ಸಂತೋಷ, ಕಾಯಿಲೆ ವಾಸಿಯಾಯಿತು ಎನಿಸುತ್ತದೆ. ಆದರೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರಲ್ಲಿ ಹೀಗಾದರೆ ಮೇಲಿನಿಂದ ಸಂಕೇತ ಇಳಿಯುವ ದಾರಿ ಪೂರ್ತಿ ಮುಚ್ಚಿ, ಹೃದಯದ ಕೆಳಭಾಗ ತನ್ನ ಪಾಡಿಗೆ ತಾನು ನಿಧಾನ ತಾಳ ಹಾಕುತ್ತಿರಬಹುದು. ನಿಜವಾಗಿ ಲಯ ಸರಿಹೋಗಿರುವ ಸಾಧ್ಯತೆಯೂ ಇದೆ. ಎರಡರಲ್ಲಿ ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ, ಇಸಿಜಿ ತೆಗೆದರೆ ಮಾತ್ರ ತಿಳಿಯುತ್ತದೆ. ಅಲ್ಲಿಯವರೆಗೆ ಮಾತ್ರೆ ಡಬ್ಬಿಯಲ್ಲೇ ಇರಬೇಕು.

ಒಂದು ಮನೆಯನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ತಿಪಟೂರಿನ ಕಡೆಯ ಒಂದು ಹಳ್ಳಿ, 68 ವರ್ಷದ ತಾಯಿ, ನೋಡಿಕೊಳ್ಳುವ ಮಗ. ತಾಯಿಗೆ ಕವಾಟದ ತೊಂದರೆ, ಜೊತೆಗೆ ಏಟ್ರಿಯಲ್ ಫಿಬ್ರಿಲೇಶನ್. ದಿನಕ್ಕೊಂದು 0.25 ಮಿಲಿಗ್ರಾಂ ಡಿಗಾಕ್ಸಿನ್, ನೀರು ಇಳಿಸಲು ಫ್ಯೂರೊಸೆಮೈಡ್. ಮಗ ನೋಟ್‌ಬುಕ್ಕಿನಲ್ಲಿ ಬರೆದಿಡುವ ನಾಡಿ ಸಾಮಾನ್ಯವಾಗಿ 75ರಿಂದ 85, ಪಕ್ಕದಲ್ಲಿ 'ಏರುಪೇರು' ಎಂಬ ಮಾತು. ಒಂದು ಮದುವೆ ಊಟದ ಮರುದಿನದಿಂದ ತಾಯಿಗೆ ಭೇದಿ. ಮೂರು ದಿನ ಗಂಜಿಯೂ ಸೇರಲಿಲ್ಲ. ಎಲ್ಲ ಮಾತ್ರೆಗಳೂ ಎಂದಿನಂತೆ ನಡೆದವು. ನಾಡಿ 78, ಮರುದಿನ 70, ಆಮೇಲೆ 64. ಭೇದಿ ನಿಂತಿತು, ಆದರೆ ವಾಕರಿಕೆ ಉಳಿಯಿತು. ನಾಲ್ಕನೆಯ ಬೆಳಿಗ್ಗೆ ಎಣಿಸಿದಾಗ 48. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದರೂ 48. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಪ್ರತಿ ಬಡಿತವೂ ಸಮ.

ಮಗ ಮಾತ್ರೆ ಕೊಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದ.

"ಡಾಕ್ಟ್ರೇ, ಅಮ್ಮನ ನಾಡಿ ನಲವತ್ತೆಂಟಿದೆ. ಯಾವತ್ತೂ ಏರುಪೇರಿರೋದು, ಇವತ್ತು ಸರಿಯಾಗಿ ಹೊಡ್ಕೊಳ್ತಿದೆ."

"ಡಿಗಾಕ್ಸಿನ್ ಕೊನೇ ಸಲ ಯಾವಾಗ ಕೊಟ್ಟಿದ್ದು?"

"ನಿನ್ನೆ ಬೆಳಿಗ್ಗೆ ಎಂಟಕ್ಕೆ. ಇವತ್ತಿಂದು ಕೊಟ್ಟಿಲ್ಲ. ಮೂರು ದಿನ ಭೇದಿ ಆಗಿತ್ತು, ಈಗ್ಲೂ ಊಟ ಬೇಡ ಅಂತಾರೆ."

"ಕೊಡಬೇಡಿ. ನಾಡಿ ನಿಧಾನ ಮಾಡೋ ಬೇರೆ ಯಾವುದಾದ್ರೂ ಮಾತ್ರೆ ಇದೆಯಾ? ಎಲ್ಲ ಮಾತ್ರೆ, ಆ ನೋಟ್‌ಬುಕ್ ತಗೊಂಡು ಈಗ್ಲೇ ಕರ್ಕೊಂಡು ಬನ್ನಿ. ಬೈಕಲ್ಲಿ ಬೇಡ."

ಇಂಥ ರೋಗಿಯಲ್ಲಿ ಇಸಿಜಿ ತೆಗೆದರೆ ಕಾಣುವುದು ದಾರಿ ಮುಚ್ಚಿದ ಚಿತ್ರ, ರಕ್ತ ಪರೀಕ್ಷೆಯಲ್ಲಿ ಕಾಣುವುದು ಅದರ ಕಾರಣ. ಡಿಗಾಕ್ಸಿನ್ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಕೆಳಗಿನ ನಲ್ಲಿ ಅರ್ಧ ಮುಚ್ಚಿದ ತೊಟ್ಟಿಗೆ ಮೇಲಿನಿಂದ ಎಂದಿನಷ್ಟೇ ನೀರು ಬಿಟ್ಟ ಹಾಗೆ, ಭೇದಿಯಿಂದ ನೀರಿನಂಶ ಕಡಿಮೆಯಾಗಿ ಕಿಡ್ನಿ ಸೊರಗಿದಾಗ ಹಳೆಯ ಡೋಸೇ ಅತಿಯಾಗಿ ಸೇರಿಕೊಳ್ಳುತ್ತದೆ. ಅದರ ಮೇಲೆ ಭೇದಿಯೂ ಫ್ಯೂರೊಸೆಮೈಡೂ ಸೇರಿ ಪೊಟ್ಯಾಶಿಯಂ ಕಳೆಯುತ್ತವೆ. ಪೊಟ್ಯಾಶಿಯಂ ಕಡಿಮೆಯಾದಾಗ ಹೃದಯದ ಮೇಲೆ ಡಿಗಾಕ್ಸಿನ್ ಹಿಡಿತ ಬಿಗಿಯಾಗುತ್ತದೆ. ಆಗ ರಕ್ತದಲ್ಲಿ ಔಷಧದ ಮಟ್ಟ ಹೆಚ್ಚಿರದಿದ್ದರೂ ವಿಷದ ಪರಿಣಾಮ ಕಾಣಬಹುದು. ಹಾಗಾಗಿ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ವಾಂತಿ ಭೇದಿಯಾದರೆ ನಾಡಿ ಇಳಿಯುವವರೆಗೆ ಕಾಯದೆ ಮೊದಲ ದಿನವೇ ಡಾಕ್ಟರನ್ನು ಕೇಳುವುದು ಕ್ಷೇಮ.

ಮನೆಮದ್ದಿನ ಬಗ್ಗೆ ಇಲ್ಲೇ ಹೇಳಬೇಕು. ಕೆಮ್ಮಿಗೆ ನಾವು ಕಷಾಯಕ್ಕೆ ಹಾಕುವ ಜ್ಯೇಷ್ಠಮಧು ದಿನವೂ ಹೊಟ್ಟೆಗೆ ಹೋದರೆ ಪೊಟ್ಯಾಶಿಯಂ ಇಳಿಸುತ್ತದೆ, ಈ ಮಾತ್ರೆ ನುಂಗುವವರಿಗೆ ಅದು ಬೇಡ. ಎಳನೀರಿನಲ್ಲಿ ಪೊಟ್ಯಾಶಿಯಂ ಇದೆಯಲ್ಲ ಎಂದು ತಾವಾಗಿಯೇ ಮೇಲಿಂದ ಮೇಲೆ ಕುಡಿಸುವುದೂ ಸರಿಯಲ್ಲ. ಕಿಡ್ನಿ ಸೊರಗಿದ್ದರೆ ಪೊಟ್ಯಾಶಿಯಂ ಕಡಿಮೆಯಾಗುವ ಬದಲು ಏರಿರಲೂಬಹುದು, ಏರಿದರೂ ಹೃದಯಕ್ಕೆ ಅಪಾಯವೇ. ರಕ್ತ ಪರೀಕ್ಷೆ ನೋಡಿಯೇ ತೀರ್ಮಾನಿಸುವ ವಿಷಯವಿದು. ಬೇರೆ ಕಾಯಿಲೆಗೆ ಬರೆದ ಮಾತ್ರೆಗಳೂ ಡಿಗಾಕ್ಸಿನ್ ಮಟ್ಟ ಏರಿಸುತ್ತವೆ. ಹೃದಯಕ್ಕೆ ಕೊಡುವ ಅಮಿಯೋಡರೋನ್, ವೆರಪಮಿಲ್, ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಅಂಥವು. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಡಿಗಾಕ್ಸಿನ್ ಹೆಸರು ಹೇಳಿ.

ನಾಡಿ ಸರಿಯಿದ್ದರೂ ಮಾತ್ರೆ ತಡೆಯಬೇಕಾದ ಲಕ್ಷಣಗಳಿವೆ. ಕಾರಣವಿಲ್ಲದೆ ಹಸಿವು ಹೋಗುವುದು, ವಾಕರಿಕೆ, ವಾಂತಿ ಸಾಮಾನ್ಯವಾಗಿ ಮೊದಲು ಬರುತ್ತವೆ. ದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದು, ನೋಡಿದ್ದೆಲ್ಲ ಹಳದಿ ಹಸಿರಾಗುವುದು ಎಲ್ಲರಿಗೂ ಬರುವುದಿಲ್ಲ, ಬಂದರೆ ಅನುಮಾನವೇ ಬೇಡ. ವಯಸ್ಸಾದವರಲ್ಲಿ ಬರೀ ಸುಸ್ತು, ಮಂಕು, ಹೊತ್ತು ಗೊತ್ತಿಲ್ಲದ ಮಾತು ಇಷ್ಟೇ ಕಾಣಿಸಬಹುದು. 'ವಯಸ್ಸಾಯ್ತು, ಅದಕ್ಕೇ ಊಟ ಸೇರಲ್ಲ' ಎಂಬ ಮಾತು ಈ ಮಾತ್ರೆ ನುಂಗುವವರ ಮನೆಯಲ್ಲಿ ಬಂದರೆ ಅದರ ಜೊತೆಗೇ ನಾಡಿಯನ್ನೂ ನೋಡಬೇಕು. ಕಣ್ಣು ಕತ್ತಲೆ ಬಂದು ಬೀಳುವುದು, ಎದೆನೋವು, ಉಸಿರಾಟ ಕಷ್ಟವಾಗುವುದು, ನಾಡಿ 40ರ ಆಸುಪಾಸಿಗೆ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು.

ಡೋಸ್ ತಪ್ಪಿದರೆ ಏನಾಗುತ್ತದೋ ಎಂಬ ಭಯದಿಂದ ಅನುಮಾನವಿದ್ದರೂ ಮಾತ್ರೆ ಕೊಟ್ಟುಬಿಡುವವರೇ ಹೆಚ್ಚು. ಲೆಕ್ಕ ನೋಡಿದರೆ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಕಿಡ್ನಿ ಚೆನ್ನಾಗಿರುವವರಲ್ಲೂ ಮೈಯಲ್ಲಿರುವ ಡಿಗಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 36ರಿಂದ 48 ಗಂಟೆ ಬೇಕು, ಕಿಡ್ನಿ ತೀರ ಸೋತವರಲ್ಲಿ ನಾಲ್ಕೈದು ದಿನವೂ ಆಗಬಹುದು. ಒಂದು ದಿನದ ಮಾತ್ರೆ ತಡೆದರೂ ಹಿಂದಿನ ದಿನಗಳದ್ದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಮಟ್ಟ ಈಗಾಗಲೇ ಏರಿರುವಾಗ ಕೊಟ್ಟ ಒಂದು ಮಾತ್ರೆಯನ್ನು ಮಾತ್ರ ವಾಪಸ್ ತೆಗೆಯಲಾಗುವುದಿಲ್ಲ. ಹಾಗೆಂದು ತಡೆಯುವುದು ಎಂದರೆ ನಿಲ್ಲಿಸುವುದಲ್ಲ. ಅದೇ ದಿನ ಡಾಕ್ಟರ ಜೊತೆ ಮಾತಾಡಿ, ಮುಂದಿನದು ಯಾವಾಗ ಎಂದು ತಿಳಿದುಕೊಳ್ಳುವವರೆಗೆ ಮಾತ್ರ ಅದು. ತಪ್ಪಿದ ಮಾತ್ರೆಯನ್ನು ಮರುದಿನ ಎರಡು ಮಾಡಿ ಕೊಡುವುದಂತೂ ಕೂಡದು. ಮೆಟೊಪ್ರೊಲಾಲ್‌ನಂಥ ನಾಡಿ ಇಳಿಸುವ ಇನ್ನೊಂದು ಮಾತ್ರೆ ಜೊತೆಯಲ್ಲಿದ್ದರೆ ಅದನ್ನು ಕೊಡಬೇಕೋ ಬೇಡವೋ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ.

ಆಸ್ಪತ್ರೆಯಲ್ಲಿ ಡಿಗಾಕ್ಸಿನ್ ಮಟ್ಟದ ಪರೀಕ್ಷೆಗೆ ಬರೆದರೆ ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ತಪ್ಪದೆ ಹೇಳಬೇಕು. ನುಂಗಿ ಕನಿಷ್ಠ ಆರು ಗಂಟೆಯಾಗುವ ಮೊದಲು ತೆಗೆದ ರಕ್ತದಲ್ಲಿ ಮಟ್ಟ ಸುಳ್ಳಾಗಿ ಹೆಚ್ಚು ತೋರುತ್ತದೆ. ಹೃದಯ ಸೋತವರಿಗೆ ಒಂದು ಮಿಲಿಲೀಟರ್ ರಕ್ತದಲ್ಲಿ 0.5ರಿಂದ 0.9 ನ್ಯಾನೊಗ್ರಾಂ ಇದ್ದರೆ ಸಾಕು ಎನ್ನುವುದು ಈಗಿನ ರೂಢಿ, 2ರ ಮೇಲೆ ಹೋದರೆ ವಿಷವಾಗುವ ಸಂಭವ ಬಹಳ. ಉಪಕಾರಕ್ಕೂ ಅಪಾಯಕ್ಕೂ ನಡುವೆ ಇರುವ ಜಾಗ ಅಷ್ಟೇ ಕಿರಿದು.

ನಾಡಿ ಸುಧಾರಿಸಿದ ಮೇಲೆ ಡಾಕ್ಟರು ಸಾಮಾನ್ಯವಾಗಿ ಡೋಸ್ ಇಳಿಸುತ್ತಾರೆ. 0.25ರ ಬದಲು 0.125 ಎಂದೋ, ವಾರಕ್ಕೆ ಐದೇ ದಿನ ಎಂದೋ ಬರೆಯುತ್ತಾರೆ. ವಾರಕ್ಕೆ ಐದು ದಿನ ಎಂದಿದ್ದರೆ ಯಾವ ಎರಡು ದಿನ ಬಿಡಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯಲ್ಲಿ ಉಳಿದಿರುವ ಹಳೆಯ ಪಟ್ಟಿಯ ಮಾತ್ರೆಗಳನ್ನು ಬೇರೆ ಎತ್ತಿಡಿ. ಅರ್ಧ ಮಾಡಬೇಕಾದ 0.25ರ ಮಾತ್ರೆಯೂ ಹೊಸದಾಗಿ ತಂದ 0.125ರ ಮಾತ್ರೆಯೂ ಒಂದೇ ಡಬ್ಬಿಯಲ್ಲಿ ಬೆರೆತರೆ ಡೋಸ್ ಮತ್ತೆ ದುಪ್ಪಟ್ಟಾಗುತ್ತದೆ. ಹೊಸ ಡೋಸ್ ಮೈಯಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಒಂದು ವಾರವಾದರೂ ಬೇಕು, ಕಿಡ್ನಿ ದುರ್ಬಲವಾಗಿದ್ದರೆ ಎರಡು ಮೂರು ವಾರ. ಆ ವಾರಗಳಲ್ಲಿ ಮಾತ್ರೆ ಬಿಡುವ ದಿನವೂ ಸೇರಿದಂತೆ ದಿನವೂ ನಾಡಿ ಎಣಿಸಿ, ಸಂಖ್ಯೆಯ ಪಕ್ಕದಲ್ಲಿ ಸಮವೋ ಏರುಪೇರೋ ಎಂದು ಬರೆದು, ಮುಂದಿನ ಭೇಟಿಗೆ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.